ಮಾಲಕಿಯಾದ ಬಾಡಿಗೆದಾರ್ತಿ

ಕತಗಾಲದ ಅರ್ಚಿತಾ ಹೊನ್ನಾವರದ ಒಂದು ಖಾಸಗಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಪರಮೇಶ್ವರಿಯವರ ಮನೆಯ ಕೆಳಮಹಡಿಯನ್ನು ಬಾಡಿಗೆಗೆ ಹಿಡಿದಿದ್ದಳು. ಬಾಡಿಗೆ ಭತ್ಯೆ ಬೇಕಿದ್ದರೆ ಕರಾರು ಪತ್ರದ ಮುಖ್ಯ ವಿವರಗಳನ್ನು ಕಳಿಸಬೇಕೆಂದು ಕಚೇರಿ ಕೇಳಿತು. ನಾಲ್ಕು ಪುಟ ಓದುವ ತಾಳ್ಮೆ ಅವಳಿಗಿರಲಿಲ್ಲ. ಫೋಟೊ ಹೊಡೆದು ಫೋನಿನ ಸಹಾಯಕ ಆ್ಯಪ್‌ಗೆ ಹಾಕಿ, ಸಾರಾಂಶ ಮಾಡೆಂದಳು.

ಬಾಡಿಗೆ ಆರೂವರೆ ಸಾವಿರ, ಡಿಪಾಜಿಟ್ ಮೂವತ್ತು ಸಾವಿರ, ಆರಂಭ ಜೂನ್ ಒಂದು, ನೋಟೀಸು ಒಂದು ತಿಂಗಳು, ಎಲ್ಲ ಸರಿಯಿತ್ತು. ಮುಕ್ತಾಯದ ದಿನಾಂಕದ ಎದುರು ಮಾತ್ರ ‘ಬೆರಳು ಅಡ್ಡ ಬಂದಿದೆ, ಓದಲಾಗಲಿಲ್ಲ’ ಎಂದಿತ್ತು. ಮೇಲೆ ಹೀಗಿತ್ತು: ಮಾಲಕರು, ಅರ್ಚಿತಾ. ಬಾಡಿಗೆದಾರರು, ಪರಮೇಶ್ವರಿ.

ಬೆರಳು ಸರಿಸಿ ಮತ್ತೊಂದು ಫೋಟೊ ಹೊಡೆದಳು. ಮುಕ್ತಾಯ ಏಪ್ರಿಲ್ ಮೂವತ್ತು ಎಂದು ಬಂತು. ಮಾಲಕಿ ಮಾತ್ರ ಅರ್ಚಿತಾಳೇ. ಆ್ಯಪ್‌ಗೆ ತಲೆ ಕೆಟ್ಟಿದೆ ಎಂದುಕೊಂಡು ಕಾಗದ ತೆರೆದರೆ ತಲೆ ಕೆಟ್ಟದ್ದು ಟೈಪಿಸ್ಟನಿಗೆ. ಹೆಸರುಗಳನ್ನು ಅದಲುಬದಲು ಹೊಡೆದಿದ್ದ. ಇಬ್ಬರೂ ಓದದೆ ಸಹಿ ಹಾಕಿದ್ದರು.

ಒಳ್ಳೆಯ ತಮಾಷೆಯೆಂದು ಅವಳು ಮಹಡಿ ಹತ್ತಿ ಪರಮೇಶ್ವರಿಯವರಿಗೆ ತೋರಿಸಿದಳು. ಅವರು ಸಹಕಾರಿ ಸಂಘದಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಕನ್ನಡಕ ಹಾಕಿ ನಾಲ್ಕೂ ಪುಟ ಓದಿದರು. ನಗಲಿಲ್ಲ.

“ಸಹಿ ನಂದೇ,” ಎಂದರು.

“ಟೈಪಿಂಗ್ ತಪ್ಪು ಅಕ್ಕಾ. ನಾಳೆ ಸರಿ ಮಾಡಿಸ್ವ.”

“ಸಹಿ ಹಾಕಿದ್ಮೇಲೆ ತಪ್ಪು ಹೇಳುಕೆ ನಾವ್ಯಾರು? ಡಿಪಾಜಿಟ್ ನಾ ಕೊಡ್ಲೇ ಇಲ್ಲ. ನೀವೂ ಕೇಳ್ಲಿಲ್ಲ. ಎಂತ ಮಾಲಕಿ ನೀವು?”

ಆ ‘ನೀವು’ ಅರ್ಚಿತಾಳ ಕಿವಿಗೆ ಹೊಸದು. ಮೊನ್ನೆವರೆಗೆ ‘ಏ ತಂಗಿ’ ಎನ್ನುತ್ತಿದ್ದವರು.

ಮರುದಿನ ಪರಮೇಶ್ವರಿ ಡಿಪಾಜಿಟ್ಟಿನ ಚೆಕ್ ಮತ್ತು ಆ ತಿಂಗಳ ಬಾಡಿಗೆ ತಂದುಕೊಟ್ಟು ರಸೀದಿ ಕೇಳಿದರು. ಅರ್ಚಿತಾ ತನ್ನ ಬಾಡಿಗೆ ಕೊಡಹೋದರೆ ಕೈ ಹಿಂದೆ ಕಟ್ಟಿಕೊಂಡರು. “ಏಳನೇ ಕಲಮು ನೋಡಿ. ಬಾಡಿಗೆದಾರ್ರು ಒಳಬಾಡಿಗೆ ಕೊಡುಕಿಲ್ಲ. ನಿಮ್ಮತ್ರ ದುಡ್ಡು ತಕಂಡ್ರೆ ನಂಗೇ ಕೇಸು.”

ಮಧ್ಯಾಹ್ನಕ್ಕೆ ಚಾಪೆ, ದಿಂಬು ಹಿಡಿದು ಕೆಳಗಿಳಿದು ಬಂದರು. ಬಾಡಿಗೆ ಕೊಟ್ಟ ಮೇಲೆ ವಾಸ ಮಾಡದಿದ್ದರೆ ದುಡ್ಡು ದಂಡವಲ್ಲವೇ? ಅರ್ಚಿತಾಳ ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿದರು. ದಿನವೂ ಹೀಗೇ ನಡೆಯಿತು. ಸಂಜೆ ಕಚೇರಿಯಿಂದ ಬಂದವಳು ಅವರು ಎದ್ದೇಳುವವರೆಗೆ ಜಗಲಿಯಲ್ಲಿ ಕೂರಬೇಕು. ಎದ್ದವರು ನಲ್ಲಿ ಸೋರುವುದನ್ನು ತೋರಿಸಿ, “ರಿಪೇರಿ ಮಾಲಕರದ್ದು,” ಎಂದು ನೆನಪಿಸಿ ಮೇಲೆ ಹೋಗುತ್ತಿದ್ದರು. ಅರ್ಚಿತಾ ನಲ್ಲಿ ರಿಪೇರಿ ಮಾಡಿಸಿದಳು. ಸ್ವಂತ ಮನೆ ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

ತಹಶೀಲ್ದಾರ ಕಚೇರಿಯ ಎದುರು ಕೂರುವ ಟೈಪಿಸ್ಟ್ ಮಧುಸೂದನನನ್ನು ಹಿಡಿದಳು. “ಮೊದ್ಲು ಕೊಟ್ಟ ಆಧಾರ್ ಮಾಲಕರದ್ದು ಹೇಳಿ ಹೊಡಿತೆ. ನೀವು ಮೊದ್ಲು ಕೊಟ್ರಿ,” ಎಂದ ಅವನು. “ಹೊಸ್ತು ಮಾಡುವ. ಇಬ್ರ ಸಹಿಯೂ ಬೇಕು.”

ಪರಮೇಶ್ವರಿ ಒಪ್ಪಲಿಲ್ಲ. “ಹಳೇ ಕರಾರು ಜೀವಂತ ಇರುವಾಗ ಹೊಸದಕ್ಕೆ ಸಹಿ ಹಾಕುದಾ?”

ಅಂದು ಅರ್ಚಿತಾ ಜಗಲಿಯಲ್ಲಿ ಕೂತು ಫೋನಿನ ಸಾರಾಂಶವನ್ನು ಮತ್ತೆ ನೋಡಿದಳು. ನೋಟೀಸು: ಇಬ್ಬರಲ್ಲಿ ಯಾರೇ ಆದರೂ ಒಂದು ತಿಂಗಳು ಮೊದಲು, ಬರಹದಲ್ಲಿ. ಈ ಸಲ ಕಾಗದದ ಕಲಮನ್ನೂ ತಾಳೆ ನೋಡಿದಳು. ಸರಿಯಿತ್ತು. ಒಂದು ಹಾಳೆ ಹರಿದು ಬರೆದಳು: ಮಾಲಕಿಯಾದ ನಾನು ಬಾಡಿಗೆದಾರರಾದ ನಿಮಗೆ ಮನೆ ಖಾಲಿ ಮಾಡಲು ಈ ಮೂಲಕ ತಿಳಿಸುತ್ತೇನೆ.

ಅವರು ಎದ್ದು ಬಂದಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಮನೆ ಕಟ್ಟಿಸಿದವರನ್ನೇ ಮನೆ ಬಿಡಿಸುವುದೆಂದರೆ ಸಣ್ಣ ಮಾತೇ? ಪರಮೇಶ್ವರಿ ಎರಡು ಸಲ ಓದಿದರು. ಮುಖ ಅರಳಿತು.

“ಕಡಿಗೂ ಒಂದು ಕೆಲ್ಸ ಕ್ರಮದಲ್ಲಿ ಮಾಡಿದ್ರಿ. ಆತು.”

ತಿಂಗಳು ತುಂಬಿದ ದಿನ ಅವರು ಚಾಪೆ ಸುತ್ತಿ, ಹಾಲ್ ಗುಡಿಸಿ, ಖಾಲಿ ಮಾಡಿದರು. ಡಿಪಾಜಿಟ್ ವಾಪಸು ಎಣಿಸಿಕೊಂಡರು. ತಾವು ಕೊಟ್ಟ ಬಾಡಿಗೆ ಮಾತ್ರ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ. ನಿದ್ರೆ ಚೆನ್ನಾಗಿ ಬಂದಿತ್ತಂತೆ.

ಮಧುಸೂದನ ಹೊಸ ಪತ್ರ ಹೊಡೆದ. ಸಹಿಗೆ ಮೊದಲು ಅರ್ಚಿತಾ ಫೋಟೊ ಹೊಡೆದು, ಆ್ಯಪ್ ಕೊಟ್ಟ ಒಂದೊಂದು ವಿವರವನ್ನೂ ಗಟ್ಟಿಯಾಗಿ ಓದಿದಳು. ಪರಮೇಶ್ವರಿ ಕಾಗದದ ಮೇಲೆ ಬೆರಳಿಟ್ಟು ಹೂಂ ಎನ್ನುತ್ತ ಹೋದರು. ಮಾಲಕರು ಮಾಲಕರಾಗಿದ್ದರು.

ಸಹಿ ಒಣಗುವ ಮೊದಲೇ ಅವರು ಅವಳತ್ತ ತಿರುಗಿದರು.

“ಏ ತಂಗಿ, ನಿನ್ನ ಸ್ಕೂಟಿ ತುಳಸಿಕಟ್ಟೆಗೆ ತಾಗಿಸಿ ಇಡ್ತೆ ನೀ. ಇವತ್ತೇ ಸರಿಸು.”

ಅರ್ಚಿತಾಗೆ ಎಷ್ಟು ಹಿತವಾಯಿತೆಂದರೆ, ಆ ಸಂಜೆ ಸ್ಕೂಟಿಯನ್ನು ಗೇಟಿನ ಹೊರಗೇ ನಿಲ್ಲಿಸಿದಳು.