ತಪ್ಪು ಉತ್ತರದ ಯಜಮಾನರು

ಕಲಿಕೆಯ ಆ್ಯಪ್‌ಗೆ ಮನೆಯಲ್ಲೇ ಕೂತು ಕ್ವಿಜ್ ಪ್ರಶ್ನೆ ಬರೆಯುವ ಟೀಚರಮ್ಮನಿಗೆ ಸರಿ ಉತ್ತರದ ಚಿಂತೆಯಿರಲಿಲ್ಲ. ನಂಬುವಂಥ ಮೂರು ತಪ್ಪು ಉತ್ತರ ಹುಟ್ಟಿಸುವುದೇ ತಲೆನೋವು. ಪರಿಶೀಲನೆಯಲ್ಲಿ ಪಾಸಾದ ಪ್ರಶ್ನೆಗಷ್ಟೇ ದುಡ್ಡು. ಅದಕ್ಕೇ ಗಂಡನನ್ನು ಕೇಳುತ್ತಿದ್ದಳು. ಯಜಮಾನರು ಗೊತ್ತಿಲ್ಲದ್ದನ್ನೂ ಎದೆ ತಟ್ಟಿ ಹೇಳುವವರು. ಅವರು ಹೇಳಿದ್ದೆಲ್ಲ ತಪ್ಪು ಉತ್ತರಗಳ ಸಾಲಿಗೆ ಹೋಗುತ್ತಿತ್ತು. ಅದು ಗೊತ್ತಿದ್ದೂ ಅವರಿಗೆ ಹೆಮ್ಮೆಯೇ.

"ರೀ, ಎಲ್ಲಕ್ಕಿಂತ ಬಿಸಿಯಾದ ಗ್ರಹ ಯಾವುದು?"

"ಶುಕ್ರ," ಎಂದರು, ಪೇಪರಿನಿಂದ ತಲೆಯೆತ್ತದೆ.

ಟೀಚರಮ್ಮ ಮುಸಿಮುಸಿ ನಕ್ಕಳು. ಸೂರ್ಯನ ಮಗ್ಗುಲಲ್ಲೇ ಬುಧ ಇರುವಾಗ ಶುಕ್ರನಂತೆ! ಪುಸ್ತಕ ತೆರೆದು ನೋಡದೆ ಬುಧನಿಗೆ ಸರಿ ಗುರುತು ಹಾಕಿ, ಶುಕ್ರನನ್ನು ತಪ್ಪುಗಳ ಜೊತೆ ಕೂರಿಸಿ ಕಳಿಸಿದಳು.

ಪ್ರಶ್ನೆ ಗೋಡೆಗೆ ಹೊಡೆದ ಚೆಂಡಿನಂತೆ ವಾಪಸ್ ಬಂತು: "ಸರಿ ಉತ್ತರ ಶುಕ್ರ. ಅದರ ದಟ್ಟ ವಾತಾವರಣ ಶಾಖವನ್ನು ಹಿಡಿದಿಡುತ್ತದೆ. ತಿದ್ದಿ, ಆಧಾರ ಸಮೇತ ಕಳಿಸಿ."

ಟೀಚರಮ್ಮ ಆಧಾರ ಹುಡುಕಿ, ಗುರುತು ಬದಲಿಸಿ ಕಳಿಸಿದಳು. ಈ ಸಲ ಪಾಸಾಯಿತು, ಪರಿಶೀಲಕಿಯ ಮೆಚ್ಚುಗೆಯ ಜೊತೆಗೆ: "ತಪ್ಪು ಉತ್ತರಗಳಲ್ಲಿ ಬುಧ ಭರ್ಜರಿ. ಅರ್ಧಂಬರ್ಧ ತಿಳಿದವರು ಬೀಳೋದು ಗ್ಯಾರಂಟಿ."

ಹೆಗಲ ಹಿಂದಿನಿಂದ ಓದಿದ ಯಜಮಾನರು ಬೆನ್ನು ತಟ್ಟಿದರು.

"ಪರವಾಗಿಲ್ವೇ! ಇನ್ಮೇಲೆ ನನ್ನ ಕೇಳೋದೇ ಬೇಡ ಬಿಡು."