ಬಿಟ್ಟ ಹೊತ್ತು, ಕಾಯುವ ಹೊತ್ತು

ಬಸದಿಯ ಅಂಗಳದ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿದ ಮೇಲೆ, ತಾನು ಈಗ ಕೆಲಸದ ಮೇಲಿದ್ದೇನೋ ಇಲ್ಲವೋ ಎಂಬುದೇ ದುಂಡೇಶನಿಗೆ ತಿಳಿಯದಂತಾಯಿತು.

ಅವನದು ಸ್ವಂತ ಗಾಡಿಯಲ್ಲ. ಮಂದಿಯ ಗಾಡಿಗೆ ತಾಸಿನ ಲೆಕ್ಕದಲ್ಲಿ ಡ್ರೈವರ್ ಆಗಿ ಹೋಗುವವನು. ಅಕ್ಕೋಳದಿಂದ ನಿಪ್ಪಾಣಿಯವರೆಗೆ ನಾಲ್ಕಾರು ಮನೆಗಳವರು ಅವನನ್ನೇ ಕರೆಯುತ್ತಿದ್ದರು. ತಾಸಿಗೆ ನೂರು ರೂಪಾಯಿ. ಎಂಟು ತಾಸು ದಾಟಿದರೆ ಓವರ್‌ಟೈಮ್, ತಾಸಿಗೆ ನೂರೈವತ್ತು. ರಾತ್ರಿ ಹತ್ತರ ಮೇಲೂ ಗಾಡಿ ಅವನ ಕೈಯಲ್ಲೇ ಇದ್ದರೆ ಮೇಲೆ ಮುನ್ನೂರು ನೈಟ್ ಭತ್ಯೆ. ಡೀಸೆಲ್ ಮಾಲಕರದು, ಹಾಕಿಸಿದ ಕೂಡಲೇ ಬಂಕಿನ ಚೀಟಿ ತಂದು ಕೊಡಬೇಕು, ನಿಂತ ಗಾಡಿಯಲ್ಲಿ ಎಸಿ ಹಚ್ಚಿಕೊಂಡು ಕೂಡಬಾರದು. ಇಷ್ಟೂ ಬಾಯಿಮಾತಿನ ಕರಾರು. ಇದರಲ್ಲಿ ಜಗಳ ಬರುತ್ತಿದ್ದುದು ಒಂದಕ್ಕೇ, ಕಾಯುವ ಹೊತ್ತಿಗೆ.

ಅಕ್ಕೋಳದ ತಂಬಾಕು ವ್ಯಾಪಾರಿ ಸುಹಾಸನಿಗೆ ಅದು ನುಂಗಲಾರದ ತುತ್ತಾಗಿತ್ತು. ಹೋದ ತಿಂಗಳು ಗಾಡಿ ಓಡಿದ್ದು ಮೂರು ತಾಸು, ನಿಂತದ್ದು ಏಳು ತಾಸು ಆದಾಗ ಅವನು ನಕ್ಕೇ ಕೇಳಿದ್ದ, "ಗಿಡದ ಬುಡಕ ಮಲಗಿದ್ದಕ್ಕೂ ರೇಟ್ ಏನೋ ದುಂಡೇಶ? ಹಂಗಿದ್ರ ನಾನೂ ಡ್ರೈವರ್ ಆಗ್ತೀನಿ ತಗೋ." ನಗುತ್ತಲೇ ಹೊಸ ಕರಾರು ಹಾಕಿದ: ಎರಡು ತಾಸಿಗಿಂತ ಹೆಚ್ಚು ನಿಲ್ಲುವುದಿದ್ದರೆ 'ಬಿಟ್ಟೇನಿ' ಅಂದುಬಿಡುವುದು. ಬಿಟ್ಟ ಹೊತ್ತು ದುಂಡೇಶನದು, ಅದಕ್ಕೆ ರೊಕ್ಕವಿಲ್ಲ.

ದುಂಡೇಶ ಒಪ್ಪಿದ್ದ. ಈ ಸಲ ಖುಷಿಯಿಂದಲೇ ಒಪ್ಪಲು ಅವನಿಗೆ ಬೇರೆಯೇ ಕಾರಣವಿತ್ತು. ಇಂದು ಸುಹಾಸನ ತಾಯಿ ತ್ರಿಶಲಾಬಾಯಿಯವರನ್ನು ಕಾಗವಾಡದ ಆಚೆಯ ಬಸದಿಗೆ ಮುನಿಗಳ ದರ್ಶನಕ್ಕೆ ಕರೆದೊಯ್ಯಬೇಕಿತ್ತು. ಅಲ್ಲಿಂದ ಐನಾಪುರ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಐನಾಪುರದಲ್ಲಿ ಅವನ ಹೆಂಡತಿ ಮನೀಷಾ, ಯಾವಾಗ ನೋಡಿದರೂ ಡ್ಯೂಟಿ ಎನ್ನುತ್ತಾನೆಂದು ಮುನಿಸಿಕೊಂಡು ತವರುಮನೆ ಸೇರಿ ಎರಡು ತಿಂಗಳಾಗಿತ್ತು. ನಾಲ್ಕು ಗಂಟೆಗೆ ಹಿರಿಯರನ್ನು ಕೂಡಿಸುತ್ತೇನೆ, ಬಂದು ಮಾತಾಡಿ ಕರೆದುಕೊಂಡು ಹೋಗು ಎಂದು ಮಾವ ಧರೆಪ್ಪ ಹೇಳಿ ಕಳಿಸಿದ್ದ. "ಈ ಸಲಾನೂ ಬರಲಿಲ್ಲಂದ್ರ ಮತ್ತ ಕೂಡ್ಸಾಕ ಹೋಗಂಗಿಲ್ಲ," ಎಂದೂ ಸೇರಿಸಿದ್ದ.

ಬೆಳಗ್ಗೆ ಆರಕ್ಕೆ ಹೊರಟು ಎಂಟರ ಸುಮಾರಿಗೆ ಬಸದಿ ತಲುಪಿದ್ದರು. ಸುಹಾಸ ಆಗಲೇ ಫೋನಿನಲ್ಲಿ 'ಐದು ಗಂಟೆ ತನಕ ಬಿಟ್ಟೇನಿ' ಎಂದಿದ್ದ. ಬಿಟ್ಟ ಮೇಲೆ ಕೀಲಿ ತನ್ನ ಹತ್ತಿರ ಇರಬಾರದು, ಅದೇ ದುಂಡೇಶನ ಪದ್ಧತಿ. ಕೀಲಿ ಕೈಯಲ್ಲಿದ್ದರೆ ಗಾಡಿ ಕೈಯಲ್ಲಿದ್ದಂತೆ, ಗಾಡಿಗೆ ಏನಾದರೂ ತನ್ನ ಕೊರಳಿಗೆ. ಹಾಗಾಗಿ ತ್ರಿಶಲಾಬಾಯಿ ಮುನಿಗಳ ಮುಂದಿನಿಂದ ಎದ್ದು ಹೊರಗೆ ಬರುವುದನ್ನೇ ಕಾದು, ಕೀಲಿ ಹಿಡಿದು ಮುಂದೆ ಹೋದ.

"ಅವ್ವಾರ, ಇದನ್ನ ಇಟ್ಕೋರಿ. ನಾ ಐನಾಪುರಕ್ಕ ಹೋಗಿ ಬರ್ತೀನಿ."

ಮುದುಕಿ ಕೆಂಡ ಕಂಡವರಂತೆ ಒಂದು ಹೆಜ್ಜೆ ಹಿಂದೆ ಸರಿದರು. ಮಾತಿಲ್ಲ. ಮುಖದಲ್ಲಿ ಸಿಟ್ಟಿದೆಯೋ ನಗೆಯಿದೆಯೋ ತಿಳಿಯಲಿಲ್ಲ. ಬಲಗೈ ಎತ್ತಿ ಅಂಗೈಯನ್ನು ಎರಡು ಸಲ ಅಲ್ಲಾಡಿಸಿದರು. 'ಹೋಗು' ಎಂಬಂತಿತ್ತು, 'ನಿಲ್ಲು' ಎಂಬಂತೆಯೂ ಇತ್ತು. ಮತ್ತೆ ಕೇಳುವಷ್ಟರಲ್ಲಿ ಬಿಳಿ ಸೀರೆಯ ಸೆರಗು ಒಳಗಿನ ಕತ್ತಲಲ್ಲಿ ಕರಗಿತು.

ಬಸದಿಯ ಕಾವಲುಗಾರ ಜಕ್ಕಪ್ಪ ಕಸಬರಿಗೆ ಹಿಡಿದು ನಗುತ್ತಿದ್ದ. "ಅವರ ಮುಂದ ಕೀಲಿ ಹಿಡಿತೀ ಏನಪಾ? ಅಷ್ಟಮಿ ಉಪವಾಸ ಹಿಡದಾರ. ರೊಕ್ಕಾ ಮುಟ್ಟಂಗಿಲ್ಲ, ಕೀಲಿ ಮುಟ್ಟಂಗಿಲ್ಲ, ಗಾಡಿ ಹತ್ತಂಗಿಲ್ಲ. ಇದ್ದದ್ದೆಲ್ಲಾ ಬಿಟ್ಟಾರ. ಮಾತೂ ಬಿಟ್ಟಾರ."

"ಎಲ್ಲೀತನಕ?"

"ನಾಳೆ ಹೊತ್ತು ಹುಟ್ಟೂತನಕ."

"ನಾಳೆ? ಸಂಜೀಕ ಹೊಳ್ಳಿ ಹೋಗೂದಿತ್ತಲ್ಲೋ ಯಪ್ಪಾ!"

"ಅದನ್ನ ನೀ ಅವರನ್ನ ಕೇಳಬೇಕು. ಅವರು ಹೇಳಂಗಿಲ್ಲ."

ಕೀಲಿ ನೀನಾದರೂ ಇಟ್ಟುಕೋ ಎಂದರೆ ಜಕ್ಕಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನಂಗ ಸೈಕಲ್ ಬಿಟ್ರ ಬ್ಯಾರೆ ಗೊತ್ತಿಲ್ಲ. ಇಪ್ಪತ್ತು ಲಕ್ಷದ ಗಾಡಿಗಿ ಒಂದ ಗೀರು ಬಿದ್ರ ನನ್ನ ಹೊಲಾ ಹೋಗ್ತೈತಿ."

ದುಂಡೇಶ ಸುಹಾಸನಿಗೆ ಫೋನ್ ಹಚ್ಚಿದ. ತಾಯಿ ರಾತ್ರಿಯೂ ಅಲ್ಲೇ ಉಳಿಯುತ್ತಾರೆ ಎಂಬುದು ಸುಹಾಸನಿಗೂ ಗೊತ್ತಿರಲಿಲ್ಲ. ಪ್ರತಿ ಸಲ ಪೂಜೆ, ಪ್ರವಚನ ಮುಗಿಸಿ ಸಂಜೆಗೆ ಮನೆ ಸೇರುತ್ತಿದ್ದವರು ಈ ಸಲ ಮುನಿಗಳ ಮುಂದೆ ನಿಂತ ನಿಲುವಿನಲ್ಲೇ ಹಗಲು ರಾತ್ರಿಯ ವ್ರತ ಹಿಡಿದುಬಿಟ್ಟಿದ್ದರು. ಆ ಕಡೆ ಸುಹಾಸನ ದನಿ ಸಣ್ಣದಾಯಿತು.

"ಅವ್ವಗ ಶುಗರ್ ಐತೋ. ಉಪವಾಸ ಹಿಡದ್ರ ನೀರು ಸುದ್ದಾ ಕುಡಿಯಂಗಿಲ್ಲ ಆಕಿ. ನೀ ಗಾಡಿ ಬಿಟ್ಟ ಎಲ್ಲೂ ಹೋಗಬ್ಯಾಡ. ಏನರ ಆದ್ರ ಮಿರಜ್ ದವಾಖಾನಿಗಿ ಒಯ್ಯಬೇಕು."

"ಹಂಗಾರ ವೇಟಿಂಗ್ ಹಚ್ಚಲೇನ್ರಿ ಅಣ್ಣಾರ?"

"ವೇಟಿಂಗ್ ಯಾಕ? ನಿನ್ನ ಬಿಟ್ಟೇನಲ್ಲ. ಊಟಾ ಅಲ್ಲೇ ಸಿಗತೈತಿ, ಆರಾಮ ಮಲಕೋ. ಫೋನ್ ಬಂತಂದ್ರ ಐದು ನಿಮಿಷದಾಗ ಗಾಡ್ಯಾಗ ಇದ್ರಾತು."

"ಬಿಟ್ಟೀರಿ ಅಂದ್ರ ನಾ ಐನಾಪುರಕ್ಕ ಹೋಗ್ಬಹುದು ಹೌದಲ್ರಿ?"

"ಅಲ್ಲಿಂದ ಐದು ನಿಮಿಷದಾಗ ಬರ್ತೀ ಏನು?"

"ಇಲ್ರಿ."

"ಮತ್ತ?"

ಫೋನ್ ಕಟ್ಟಾಯಿತು. ದುಂಡೇಶ ಬೇವಿನ ಕಟ್ಟೆಯ ಮೇಲೆ ಕೂತು ಆ 'ಮತ್ತ'ವನ್ನು ಬಹಳ ಹೊತ್ತು ತಿರುವಿ ಹಾಕಿದ. ಅವನನ್ನು ಬಿಟ್ಟಿದ್ದಾರೆ, ಆದರೆ ಹೋಗುವಂತಿಲ್ಲ. ಹೋಗುವಂತಿಲ್ಲ, ಆದರೆ ಕೆಲಸವೂ ಅಲ್ಲ. ಒಳಗೆ ಎಲ್ಲವನ್ನೂ ಬಿಟ್ಟು ಕೂತ ಮುದುಕಿ, ಹೊರಗೆ ಏನನ್ನೂ ಬಿಡಲಾರದೆ ಕೂತ ತಾನು. ನಡುವೆ ಒಂದು ಗೋಡೆ. ಆಕೆಯ ಮೌನಕ್ಕೆ ಒಂದು ಅರ್ಥವಿದ್ದೀತು, ತನ್ನದಕ್ಕೆ ಏನಿದೆ?

ಮಧ್ಯಾಹ್ನ ಊಟ ಮುಗಿಸಿ ರಸ್ತೆಗೆ ಹೋದ. ಐನಾಪುರದ ಬಸ್ ಬಂದು ನಿಂತಿತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟ. ಕಿಸೆಯಲ್ಲಿ ಕೀಲಿ ತೊಡೆಗೆ ಚುಚ್ಚಿತು. ಮುದುಕಿ ಕುಸಿದು ಬಿದ್ದು, ಜಕ್ಕಪ್ಪ ಗಾಡಿಯ ಬಾಗಿಲು ಜಗ್ಗುತ್ತ ನಿಂತಂತೆ ಕಣ್ಣಿಗೆ ಕಟ್ಟಿತು. "ಹತ್ತತೀ ಏನ್ ಪೂಜಾ ಮಾಡ್ತೀ?" ಎಂದು ಕಂಡಕ್ಟರ್ ಕೂಗಿದ. ದುಂಡೇಶ ಕಾಲು ತೆಗೆದ.

ಅಲ್ಲಿಂದಲೇ ಮನೀಷಾಗೆ ಫೋನ್ ಮಾಡಿದ.

"ಹೊಂಟೀರಿ ಏನು? ಹಿರ್ಯಾರಂತ ನಮ್ಮ ಕಾಕಾ ಬಂದ ಕುಂತಾರ," ಎಂದಳು ಆಕೆ. ದನಿಯಲ್ಲಿ ಮೆತ್ತಗಿನದೇನೋ ಇತ್ತು.

"ಡ್ಯೂಟಿ ಇಲ್ಲ, ಖರೇ. ಆದ್ರ ಗಾಡಿ ಬಿಟ್ಟ ಬರಾಕ ಆಗವಲ್ದು."

"ಡ್ಯೂಟಿ ಇಲ್ಲಂದ ಮ್ಯಾಲ ಯಾಕ ಆಗವಲ್ದು?"

"ಕೀಲಿ ನನ್ನ ಹತ್ರ ಐತಿ. ಯಾರೂ ತಗೋವಲ್ರು."

"ರೊಕ್ಕಾನೂ ಕೊಡಂಗಿಲ್ಲ, ಬಿಡಂಗೂ ಇಲ್ಲ ಅಂದ್ರ ಅದಕ್ಕ ಏನಂತಾರ ನನಗ ತಿಳಿಸಿ ಹೇಳ್ರಿ. ಕಾಕಾನ ಮುಂದ ಅದನ್ನರ ಹೇಳ್ತೀನಿ," ಎಂದಳು ಮನೀಷಾ. ಆಕೆ ಫೋನ್ ಇಟ್ಟಳು.

ಆ ಮಾತು ದುಂಡೇಶನ ಒಳಗೆ ಮುಳ್ಳಿನಂತೆ ಉಳಿಯಿತು. ಮೂರು ಗಂಟೆಗೆ ಮತ್ತೆ ಸುಹಾಸನಿಗೆ ಹಚ್ಚಿದ. ಈ ಸಲ ತನ್ನ ದನಿ ತನಗೇ ಗುರುತು ಸಿಗಲಿಲ್ಲ.

"ಅಣ್ಣಾರ, ಒಂದ ಮಾತು. ಕೀಲಿ ನನ್ನ ಕೈಯಾಗ ಇರೂತನಕ ಅದು ಡ್ಯೂಟಿನ. ಬೆಳಗಿನ ಆರರಿಂದ ಹಿಡೀರಿ. ಎಂಟು ತಾಸು ಆಗಲೇ ಮುಗದಾವು, ಈಗ ಓವರ್‌ಟೈಮ್ ನಡದೈತಿ. ಹತ್ತರ ಮ್ಯಾಲ ನೈಟ್ ಭತ್ಯ. ಒಪ್ಪಿಗಿ ಇಲ್ಲಂದ್ರ ಯಾರನ್ನರ ಕಳಸ್ರಿ, ಕೀಲಿ ಕೊಟ್ಟ ಹೋಗ್ತೀನಿ."

ಕಳಿಸಲಿ, ಕಳಿಸಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಯಾರಾದರೂ ಮೋಟರ್‌ಸೈಕಲ್ ಮೇಲೆ ಬಂದುಬಿಟ್ಟರೆ ತಡವಾಗಿಯಾದರೂ ಐನಾಪುರ ಸೇರಬಹುದು.

ಆ ಕಡೆ ತಕ್ಕಡಿಯ ಸದ್ದು, ಹಮಾಲರ ಕೂಗು.

"ಖರೇ ಐತಿ ಬಿಡು," ಎಂದ ಸುಹಾಸ. "ಅವ್ವನ ಜೀವದ ಸಲುವಾಗಿ ನಿಂದ್ರಸಿ, ಬಿಟ್ಟೇನಿ ಅನ್ನೂದು ತಪ್ಪು. ಎಲ್ಲಾ ಹಚ್ಚು. ವೇಟಿಂಗ್, ಓವರ್‌ಟೈಮ್, ನೈಟ್. ಇನ್ನ ಮುಂದನೂ ಹಂಗ. ನೀ ಅಲ್ಲೇ ಇರು, ನಂಗ ಧೈರ್ಯ."

ವರ್ಷಗಟ್ಟಲೆ ಒಬ್ಬ ಮಾಲಕನ ಬಾಯಿಂದ ಕೇಳಬೇಕೆಂದು ಆಸೆಪಟ್ಟ ಮಾತು. ಕೇಳಿದ ದುಂಡೇಶ ಕಟ್ಟೆಯ ಮೇಲೆ ಕೂತ. ಗೆದ್ದಿದ್ದ. ಗೆದ್ದದ್ದಕ್ಕೇ ಇನ್ನು ಅಲ್ಲಾಡುವಂತಿರಲಿಲ್ಲ. ಮೊದಲಾದರೆ ಕದ್ದಾದರೂ ಹೋಗಬಹುದಿತ್ತು. ಈಗ ಬಾಯಿಬಿಟ್ಟು ತಾನೇ ಗೂಟ ಹೊಡೆದುಕೊಂಡಿದ್ದ. ನಾಲ್ಕು ಗಂಟೆಗೆ ಬಸದಿಯ ಗೋಡೆಯ ಮೇಲೆ ಬಿಸಿಲು ಹಳದಿಯಾಗುವುದನ್ನು ನೋಡುತ್ತ ಕೂತ. ಫೋನ್ ಬರಲಿಲ್ಲ. ಮಾಡಲು ಧೈರ್ಯವೂ ಆಗಲಿಲ್ಲ. ಸಿಟ್ಟು ಯಾರ ಮೇಲೆ ಎಂದು ಹುಡುಕಿದರೆ ಯಾರೂ ಸಿಗಲಿಲ್ಲ.

ಮರುದಿನ ಮುನಿಗಳ ಆಹಾರ ಮುಗಿದ ಮೇಲೆ ತ್ರಿಶಲಾಬಾಯಿ ಉಪವಾಸ ಬಿಟ್ಟು, ಪಾರಣೆಯ ಊಟ ಮಾಡಿ ಹೊರಗೆ ಬಂದರು. ಮುಖ ಬಾಡಿತ್ತು, ಕಣ್ಣು ತಿಳಿಯಾಗಿತ್ತು. ಗಾಡಿ ಹತ್ತುತ್ತ ಮೊದಲ ಮಾತು ಆಡಿದರು.

"ನಿನ್ನೆ ಕೈ ಮಾಡಿದ್ನಲ್ಲೋ, ಹೋಗು ಅಂತ. ಯಾಕ ಹೋಗಲಿಲ್ಲ?"

ದುಂಡೇಶ ಗೇರ್ ಹಾಕುವುದನ್ನು ಮರೆತ. "ನಿಲ್ಲು ಅಂದ್ರಿ ಅನ್ಕೊಂಡ್ನಿರಿ."

"ನಿಲ್ಲು ಅನ್ನಾಕ ನಾ ಯಾರು? ನಿನ್ನೆ ನನ್ನದಂತ ಏನೂ ಇರಲಿಲ್ಲ. ಗಾಡೀನೂ ನನ್ನದಲ್ಲ, ನೀನೂ ನನ್ನ ಡ್ರೈವರ್ ಅಲ್ಲ." ಸ್ವಲ್ಪ ತಡೆದು ಕೇಳಿದರು, "ಐನಾಪುರದಾಗ ಯಾರದಾರ?"

ಹೇಳಿದ. ಅರ್ಧ ಹೇಳುವಷ್ಟರಲ್ಲೇ ಆಕೆ ಎಂದರು, "ಹೊಳ್ಳಸು ಆ ಕಡೆ."

"ಸುತ್ತಾಗ್ತೈತ್ರಿ ಅವ್ವಾರ. ಡೀಸೆಲ್‌ದು ಅಣ್ಣಾರಿಗಿ ಏನ್ ಹೇಳ್ಲಿ? ಆ ತಾಸು ಯಾರ ಕಡೆ ಹಚ್ಚಲಿ?"

"ನಂಗ ತಿಳಿಯಂಗಿಲ್ಲಪಾ. ಮೊದಲ ನಡಿ."

ಐನಾಪುರದ ಓಣಿಯಲ್ಲಿ ಗಾಡಿ ನಿಂತಾಗ ಧರೆಪ್ಪ ಮನೆಯಲ್ಲಿರಲಿಲ್ಲ, ಹಿರಿಯರೂ ಇರಲಿಲ್ಲ. ಮನೀಷಾ ಒಬ್ಬಳೇ ಹೊಸ್ತಿಲಲ್ಲಿ ನಿಂತು, ಗಾಡಿಯನ್ನೂ ಅದರೊಳಗಿನ ಮುದುಕಿಯನ್ನೂ ಅವನನ್ನೂ ನೋಡಿದಳು.

"ಡ್ಯೂಟಿ ಮ್ಯಾಲ ಬಂದೀರೋ, ನನ್ನ ಸಲುವಾಗಿ ಬಂದೀರೋ?"

ಈ ಪ್ರಶ್ನೆಗೆ ಯಾವಾಗಲೂ ಅವನ ಬಳಿ ಒಂದು ಸುಳ್ಳು ತಯಾರಿರುತ್ತಿತ್ತು. ಇಂದು ಬಾಯಿಗೆ ಬರಲಿಲ್ಲ.

"ಗೊತ್ತಾಗವಲ್ದು," ಎಂದ. "ನಿನ್ನೆಯಿಂದ ಏನೂ ಗೊತ್ತಾಗವಲ್ದು."

ಮನೀಷಾ ಅವನ ಮುಖವನ್ನೇ ನೋಡಿದಳು. ನಗಲಿಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು, ಅವನನ್ನು ದಾಟಿ ಗಾಡಿಯ ಕಡೆ ನಡೆದಳು.

"ಆಯಿಗಿ ನೀರು ಕೊಟ್ಟ ಬರ್ತೀನಿ. ನೀವು ಒಳಗ ಕುಂದರ್ರಿ. ಮಾತಾಡೂದೈತಿ, ಲಗೂ ಮುಗಿಯಂಗಿಲ್ಲ."

ದುಂಡೇಶ ಚಪ್ಪಲಿ ಬಿಟ್ಟು ಪಡಸಾಲೆಯಲ್ಲಿ ಕೂತ.