ಏಳನೇ ನಿಲುಗಡೆಯ ಕತೆ ಯಾರದು

ದೊಡ್ಡ ಗಡಿಯಾರದಿಂದ ಶುರುವಾಗಿ ಎರಡು ಕಿಲೋಮೀಟರ್, ಏಳು ನಿಲುಗಡೆ, ಎರಡು ಗಂಟೆ. ಶಾಲೆಯಲ್ಲಿ ಇತಿಹಾಸ ಪಾಠ ಮಾಡುವ ಸುಚಿತ್ರಾ ಜನರಿಗೆ ಊರಿನ ಹಳೆಯ ಕತೆ ಹೇಳುತ್ತ ಸಾಗುವ ಈ ನಡಿಗೆಯನ್ನು ಮೂರು ವರ್ಷ ಭಾನುವಾರ ಬೆಳಗ್ಗೆ ನಡೆದು ನಡೆದೇ ಕಟ್ಟಿದ್ದಳು. ಎಷ್ಟು ಹೊತ್ತಿಗೆ ಯಾವ ಗೋಡೆಯ ನೆರಳು ಸಿಗುತ್ತದೆ, ಎಲ್ಲಿ ನಿಂತರೆ ಹೂವಿನವರ ವ್ಯಾಪಾರಕ್ಕೆ ಅಡ್ಡಿಯಾಗುವುದಿಲ್ಲ, ಯಾವ ಮೂಲೆಯಲ್ಲಿ ಬಸ್ಸಿನ ಹಾರ್ನ್ ಮಾತನ್ನು ನುಂಗಿಬಿಡುತ್ತದೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಆರು ಕಡೆ ಅವಳೇ ಹೇಳುತ್ತಿದ್ದಳು. ಏಳನೆಯ ಕಡೆ, ಒಂದು ಹಳೆಯ ಕೇರಿಯಲ್ಲಿ, ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಆ ಕೇರಿಯಲ್ಲಿ ಕತೆ ಹೇಳುವವರು ಮಾದೇವಮ್ಮ. ನಗರಪಾಲಿಕೆಯಲ್ಲಿ ಮೂವತ್ತು ವರ್ಷ ಬೀದಿ ಗುಡಿಸಿ ನಿವೃತ್ತರಾದವರು.

ಅವರು ಹೇಳುತ್ತಿದ್ದುದು ಪ್ಲೇಗಿನ ಕಾಲದ ಕತೆ. ಆಗ ಅವರ ಅಜ್ಜಿ ಚಲುವಮ್ಮ ಇನ್ನೂ ಹುಡುಗಿ. ಬಿಸಿಲು ಒಳಕ್ಕೆ ಬೀಳಲೆಂದು ಮನೆಗಳ ಹೆಂಚು ಕೀಳಿಸುತ್ತಿದ್ದರಂತೆ. ಹೆಣ ಹೊರಲು, ಸುಣ್ಣ ಎರಚಲು ಈ ಕೇರಿಯವರೇ ಬೇಕಾಗಿತ್ತು. ಪ್ಲೇಗು ಇಳಿದ ಮೇಲೆ ಮಹಾರಾಜರು ಊರಿಗೆ ಅಗಲ ರಸ್ತೆ ಮಾಡಿಸಿದರು, ಕೇರಿಯ ಅರ್ಧ ಸಾಲು ರಸ್ತೆಯಡಿ ಹೋಯಿತು.

ಪ್ರವಾಸಿ ಕಂಪನಿಯ ವಿಜಯ್‌ಕುಮಾರ್ ಬಂದು, "ಮೇಡಂ, ದಸರಾಕ್ಕೆ ನಿಮ್ಮ ನಡಿಗೇನ ದಿನಾ ನಡೆಸೋಣ. ಪ್ರತಿ ನಿಲುಗಡೇದೂ ಬರೆದು ಕೊಟ್ಬುಡಿ, ಬೇರೆ ಗೈಡ್‌ಗಳಿಗೂ ಅನುಕೂಲ" ಅಂದ. ಸುಚಿತ್ರಾ ಉಬ್ಬಿಹೋದಳು. ಏಳನೆಯದನ್ನೂ, ಮಾದೇವಮ್ಮ ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ ಅನ್ನುವುದರ ಸಮೇತ ಬರೆದು ಕೊಟ್ಟಳು.

ಪ್ರವಾಸಿಗರನ್ನು ಕಳಿಸಿಕೊಡಬೇಕಾದ ಹೋಟೆಲಿನವರಿಗೆ ತೋರಿಸಲೆಂದು ಇಟ್ಟ ಪ್ರಾಯೋಗಿಕ ನಡಿಗೆಯ ದಿನ ಆರು ನಿಲುಗಡೆ ಸಲೀಸಾಗಿ ಮುಗಿದವು. ಕೇರಿಯ ಬಾಯಿಗೆ ಬಂದಾಗ ಸುಚಿತ್ರಾ ಕಂಡದ್ದು ಒಬ್ಬ ಹುಡುಗಿಯನ್ನು. ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಸೀರೆ, ಕೈಯಲ್ಲಿ ಪೊರಕೆ, ಕೆನ್ನೆಗೆ ಬಳಿದ ಮಸಿ. ವಿಜಯ್‌ಕುಮಾರ್ ಕರೆಸಿದ್ದ ರಂಗತಂಡದ ರಕ್ಷಿತಾ.

"ಇದೇನ್ರೀ?"

"ಮಾದೇವಮ್ಮನ ಅಜ್ಜಿ ಪಾತ್ರ ಮೇಡಂ," ವಿಜಯ್‌ಕುಮಾರ್ ಪಿಸುಗುಟ್ಟಿದ. "ಆಯಮ್ಮ ಒಂದಿನ ಐದು ನಿಮಿಷ ಮಾತಾಡ್ತಾರೆ, ಒಂದಿನ ಇಪ್ಪತ್ತು. ಇದು ಕರೆಕ್ಟಾಗಿ ಐದು."

ರಕ್ಷಿತಾ ಶುರು ಮಾಡಿದಳು. ಹೆಂಚು ಕಿತ್ತದ್ದು, ಸುಣ್ಣದ ಬುಟ್ಟಿ, ಆ ಉಸಿರು ಕೂಡ, ಎಲ್ಲ ಸುಚಿತ್ರಾ ಬರೆದದ್ದೇ. ಕೊನೆ ಮಾತ್ರ ಬೇರೆ. "ನಮ್ಮ ಗುಡ್ಲು ಹೋದ್ರೇನಂತೆ, ಊರು ಚೆಂದಾಯ್ತಲ್ಲ, ಮಾರಾಜ್ರು ತಣ್ಣಗಿರ್ಲಿ!" ಹೋಟೆಲಿನವರು ಚಪ್ಪಾಳೆ ತಟ್ಟಿದರು. ಒಬ್ಬಾತ ಮೊಬೈಲು ಎತ್ತಿಕೊಂಡು ಮಾದೇವಮ್ಮನ ಹೊಸಿಲ ಮೇಲೇ ಕಾಲಿಟ್ಟ.

ಬಾಗಿಲು ತೆರೆಯಿತು.

"ಕಾಲು ತಗಿ," ಅಂದರು ಮಾದೇವಮ್ಮ. ಅವನು ತೆಗೆದ. ಅವರು ರಕ್ಷಿತಾಳ ಕಡೆ ತಿರುಗಿದರು. "ಯಾರವ್ವ ನೀನು?"

"ಚಲುವ... ಅಲ್ಲ, ನಾನು ಆರ್ಟಿಸ್ಟ್ ಅಮ್ಮ."

"ನಮ್ಮಜ್ಜಿ ಮಸಿ ಬಳ್ಕತಿರ್ಲಿಲ್ಲ ಕಣವ್ವ. ಕೆಲ್ಸ ಮುಗ್ಸಿ ಮಿಂದು ಹೂ ಮುಡೀತಿದ್ಲು. ಮನೆ ಕೆಡವ್ದೋರ್ಗೆ ಸಾಯೋಗಂಟ ಶಾಪ ಹಾಕ್ತಿದ್ಲು. ತಣ್ಣಗಿರ್ಲಿ ಅಂತ ಯಾರ್ ಹೇಳ್ಕೊಟ್ರು ನಿಂಗೆ?"

ರಕ್ಷಿತಾ ಪೊರಕೆ ಕೆಳಗಿಟ್ಟು ಸೆರಗಿನಿಂದ ಕೆನ್ನೆ ಉಜ್ಜಿಕೊಳ್ಳತೊಡಗಿದಳು.

"ಅಮ್ಮ, ಪ್ರವಾಸಿಗರು ಖುಷಿಯಾಗಿ ವಾಪಸ್ ಹೋಗ್ಬೇಕಲ್ವಾ..." ವಿಜಯ್‌ಕುಮಾರ್ ನಡುವೆ ಬಂದ.

ಸುಚಿತ್ರಾಳ ಮೈ ಉರಿಯಿತು. "ಅವರ ಮನೆ ಕಿತ್ತಿದ್ದು ನಿಮಗೆ ಸಾಲ್ದಾ? ಅವರ ಸಿಟ್ಟನ್ನೂ ಕಿತ್ಕೋತೀರಾ? ಅವರ ಬಾಗಿಲಲ್ಲೇ ನಿಂತು ಅವರನ್ನೇ ಒಳಗೆ ಕೂರಿಸ್ತೀರಲ್ಲ, ನಾಚಿಕೆ ಆಗಲ್ವಾ?"

"ಬರೆದು ಕೊಟ್ಟೋರು ನೀವೇ ಅಲ್ವಾ ಮೇಡಂ?"

ಮಾದೇವಮ್ಮ ಸುಚಿತ್ರಾಳನ್ನೇ ನೋಡುತ್ತಿದ್ದರು.

"ನೀನಾ ಟೀಚರಮ್ಮ? ನಮ್ಮನೇಲಿ ಟೀ ಕುಡ್ಕಂಡು ಬರ್ಕತಿದ್ದೆ, ಮಕ್ಕಳ್ಗೆ ಪಾಠಕ್ಕೇನೋ ಅನ್ಕಂಡಿದ್ದೆ. ಬರ್ದಿದ್ದಕ್ಕಲ್ಲ ಸಿಟ್ಟು. ಕೊಡೋಕೆ ಮುಂಚೆ ನನ್ನ ಒಂದು ಮಾತು ಕೇಳ್ದ್ಯಾ?"

ಕೇಳಿರಲಿಲ್ಲ. ಮೂರು ವರ್ಷ ಹೂವಿನವರನ್ನು ಕೇಳಿದ್ದಳು, ಬೆಲ್ಲದ ಅಂಗಡಿಯವರನ್ನು ಕೇಳಿದ್ದಳು, ಫೋಟೋ ತೆಗೆಯಲು ಮಾರುಕಟ್ಟೆಯ ಕಾವಲುಗಾರನನ್ನೂ ಕೇಳಿದ್ದಳು. ಕತೆ ಕೊಟ್ಟವರನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ.

ಮಾದೇವಮ್ಮ ಬಾಗಿಲು ಹಾಕಿಕೊಂಡರು. ಸುಚಿತ್ರಾ ತಟ್ಟಿದರೂ ತೆರೆಯಲಿಲ್ಲ. ಕ್ಷಮೆ ಕೇಳಿದ ಮಾತು ಮರದ ಹಲಗೆಗೆ ಬಿದ್ದು ಅಲ್ಲೇ ಉಳಿಯಿತು.

ದಸರಾ ಶುರುವಾದ ಬೆಳಗ್ಗೆ ಕಂಪನಿಯ ಗೈಡ್ ಹದಿನೈದು ಜನರನ್ನು ಕರೆದುಕೊಂಡು ಬಂದಾಗ ಕೇರಿಯ ಬಾಯಿಗೆ ಅಡ್ಡಲಾಗಿ ಸುಚಿತ್ರಾ ನಿಂತಿದ್ದಳು. ಶಾಲೆಗೆ ರಜೆ, ಹತ್ತು ದಿನವೂ ನಿಲ್ಲಬಲ್ಲಳು.

"ದಾರಿ ಬಿಡಿ ಮೇಡಂ, ಇದು ಸಾರ್ವಜನಿಕ ರಸ್ತೆ."

"ನಡ್ಕೊಂಡು ಹೋಗಿ, ಯಾರೂ ಬೇಡ ಅನ್ನಲ್ಲ. ಇಲ್ಲಿ ನಿಂತು ಕತೆ ಹೇಳೋ ಹಾಗಿಲ್ಲ. ಹೇಳೋರು ಒಳಗಿದಾರೆ. ಅವರಾಗಿ ಬಾಗಿಲು ತೆಗೆದ್ರೆ ಕೇಳಿ. ತೆಗೀಲಿಲ್ವಾ, ಇಲ್ಲೊಂದು ಕತೆ ಇತ್ತು, ಅದನ್ನ ಕದ್ದೋರಲ್ಲಿ ಮೊದಲನೇವಳು ನಾನು ಅಂತ ನಾನೇ ಹೇಳ್ತೀನಿ, ಅದನ್ನ ಕೇಳ್ಕೊಂಡು ಹೋಗಿ."

ಹದಿನೈದು ಜನ ನಿಂತರು. ಬಾಗಿಲು ತೆರೆಯಲಿಲ್ಲ. ಅವಳು ಹೇಳತೊಡಗಿದಳು.